ರೆಕಾರ್ಡ್ ಪುಸ್ತಕದ ಚಿತ್ರಕ್ಕೆ ಅಂಕ ಎಲ್ಲಿ ಸಿಗುತ್ತೆ, ಎಲ್ಲಿ ಹೋಗುತ್ತೆ: ಸೂರ್ಯಕಾಂತಿ ಕಾಂಡದ ಟಿ.ಎಸ್. ಹಂತ ಹಂತವಾಗಿ

ಪ್ರೀತಿಯ ವಿದ್ಯಾರ್ಥಿಗಳೇ,

ನಿಮ್ಮ ಬಾಟನಿ ರೆಕಾರ್ಡ್‌ಗಳನ್ನು ನೋಡಿ ಮುಗಿಸಿದ್ದೇನೆ. ಸೂರ್ಯಕಾಂತಿ ಕಾಂಡದ ಟಿ.ಎಸ್. ಚಿತ್ರದಲ್ಲಿ ಹೆಚ್ಚಿನವರು ಅಂಕ ಕಳೆದುಕೊಂಡಿದ್ದೀರಿ. "ಇಷ್ಟು ಚೆನ್ನಾಗಿ ಬರೆದಿದ್ದೀನಲ್ಲ ಮೇಡಂ, ಯಾಕೆ ಐದೇ ಅಂಕ?" ಎಂದು ಕೆಲವರು ಕೇಳಿದ್ದೀರಿ. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳುವುದಕ್ಕಿಂತ ಎಲ್ಲರಿಗೂ ಒಂದೇ ಸಲ ಬರೆಯುವುದು ಒಳ್ಳೆಯದು ಅನ್ನಿಸಿತು. ತಪ್ಪುಗಳು ಎಲ್ಲರಲ್ಲೂ ಹೆಚ್ಚು ಕಡಿಮೆ ಒಂದೇ ಥರ ಇವೆ. ಅವು ಬರುವುದೂ ಒಂದೇ ಕಾರಣಕ್ಕೆ: ಸ್ಲೈಡ್ ನೋಡುವ ಮೊದಲೇ ಪೆನ್ಸಿಲ್ ಹಿಡಿಯುತ್ತೀರಿ.

ನಮ್ಮ ತರಗತಿಯಲ್ಲಿ ಒಂದು ಚಿತ್ರಕ್ಕೆ ನಾನು 10 ಅಂಕ ಇಟ್ಟುಕೊಂಡು ನೋಡುತ್ತೇನೆ. ಭಾಗಗಳ ಪ್ರಮಾಣಕ್ಕೆ 3. ಅಂಗಾಂಶಗಳು ಸರಿಯಾದ ಜಾಗದಲ್ಲಿ, ಸರಿಯಾದ ರೂಪದಲ್ಲಿ ಇವೆಯಾ ಎಂಬುದಕ್ಕೆ 3. ಲೇಬಲ್‌ಗೆ 2. ಗೆರೆಯ ಗುಣಕ್ಕೆ 1. ಶೀರ್ಷಿಕೆ ಮತ್ತು ವರ್ಧನೆಗೆ 1. ಇದು ನಾನು ಮಾಡಿಕೊಂಡ ಹಂಚಿಕೆ. ಹೊರಗಿನಿಂದ ಬರುವ ಪರೀಕ್ಷಕರು ಬೇರೆ ರೀತಿ ಹಂಚಬಹುದು, ಆದರೆ ನೋಡುವ ವಿಷಯಗಳು ಇವೇ. ಚಂದದ ಗೆರೆಗೆ ಇರುವುದು ಒಂದೇ ಅಂಕ ಎಂಬುದನ್ನು ಗಮನಿಸಿ. ಡ್ರಾಯಿಂಗ್ ಬರಲ್ಲ ಎಂದು ಹಿಂಜರಿಯುವವರು ಉಳಿದ 9 ಅಂಕವನ್ನೂ ತೆಗೆದುಕೊಳ್ಳಬಹುದು.

## 1. ಮೊದಲು ಸ್ಲೈಡ್ ಸರಿಯಾಗಲಿ

ಬೇಕಾದ ವಸ್ತುಗಳು: ಎಳೆಯ ಸೂರ್ಯಕಾಂತಿ ಕಾಂಡ, ಹೊಸ ಬ್ಲೇಡ್, ವಾಚ್ ಗ್ಲಾಸ್‌ನಲ್ಲಿ ನೀರು, ಸಣ್ಣ ಬ್ರಷ್, ಸ್ಯಾಫ್ರನಿನ್, ಗ್ಲಿಸರಿನ್, ಸ್ಲೈಡ್, ಕವರ್ ಸ್ಲಿಪ್, ಸೂಜಿ, ಬ್ಲಾಟಿಂಗ್ ಪೇಪರ್.

ಗುಂಡ್ಲುಪೇಟೆ ಕಡೆಯಿಂದ ಬಸ್ಸಿನಲ್ಲಿ ಬರುವವರು ಹೊಲದಿಂದ ಕಾಂಡ ತರುತ್ತೀರಿ, ಒಳ್ಳೆಯದೇ. ಆದರೆ ಹೂ ಬಿಟ್ಟು ಬಲಿತ ಗಿಡದ ಬುಡ ತರಬೇಡಿ. ತುದಿಯಿಂದ ಕೆಳಗೆ ಮೂರನೆಯ ಅಥವಾ ನಾಲ್ಕನೆಯ ಗೆಣ್ಣಿನ ನಡುವಿನ ಭಾಗ ಸಾಕು. ಪೆನ್ಸಿಲ್‌ಗಿಂತ ತೆಳ್ಳಗಿರಲಿ. ಬುಡದ ಕಡೆ ಕ್ಯಾಂಬಿಯಂ ಬಂಡಲ್‌ನಿಂದ ಬಂಡಲ್‌ಗೆ ಕೂಡಿಕೊಂಡು ಪೂರ್ತಿ ಉಂಗುರವಾಗಿರುತ್ತದೆ, ಎರಡನೇ ಹಂತದ ಬೆಳವಣಿಗೆ ಶುರುವಾಗಿರುತ್ತದೆ. ಆ ಸ್ಲೈಡ್ ಇಟ್ಟುಕೊಂಡು "ಎಳೆಯ ದ್ವಿದಳ ಕಾಂಡ" ಎಂದು ಶೀರ್ಷಿಕೆ ಬರೆದರೆ ಚಿತ್ರ ಒಂದು ಹೇಳುತ್ತದೆ, ಹೆಸರು ಇನ್ನೊಂದು ಹೇಳುತ್ತದೆ. ಕತ್ತರಿಸಿದ ತುಂಡನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತನ್ನಿ, ಬಾಡಿದ ಕಾಂಡ ಬ್ಲೇಡಿಗೆ ಸಿಗುವುದಿಲ್ಲ.

ಸೆಕ್ಷನ್ ಕತ್ತರಿಸುವಾಗ ಕಾಂಡವೂ ಬ್ಲೇಡೂ ನೀರಿನಿಂದ ಒದ್ದೆಯಾಗಿರಲಿ. ಬ್ಲೇಡನ್ನು ನಿಮ್ಮ ಕಡೆಗೆ, ಒಂದೇ ಎಳೆತಕ್ಕೆ ಎಳೆಯಿರಿ. ಗರಗಸದಂತೆ ಹಿಂದೆ ಮುಂದೆ ಆಡಿಸಬೇಡಿ. ಹತ್ತು ಹನ್ನೆರಡು ಸೆಕ್ಷನ್ ಕತ್ತರಿಸಿ ನೀರಿಗೆ ಬಿಟ್ಟು, ಅದರಲ್ಲಿ ತೀರಾ ತೆಳ್ಳಗಿರುವುದನ್ನು ಆರಿಸಿ. ಪೂರ್ತಿ ವೃತ್ತ ಸಿಗದಿದ್ದರೂ ಪರವಾಗಿಲ್ಲ. ತೆಳುವಾದ ಅರ್ಧ ಸೆಕ್ಷನ್ ದಪ್ಪದ ಪೂರ್ತಿ ಸೆಕ್ಷನ್‌ಗಿಂತ ಎಷ್ಟೋ ಮೇಲು. ಔಟ್‌ಲೈನ್‌ಗೆ ಮಾತ್ರ ಒಂದು ಪೂರ್ತಿ ಸೆಕ್ಷನ್ ಬೇಕಾಗುತ್ತದೆ, ಅದು ಸ್ವಲ್ಪ ದಪ್ಪಗಿದ್ದರೂ ನಡೆಯುತ್ತದೆ.

ಸ್ಯಾಫ್ರನಿನ್‌ನಲ್ಲಿ ಸ್ವಲ್ಪ ಹೊತ್ತು ಇಟ್ಟು, ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ತೊಳೆಯುವುದರಲ್ಲಿ ಅವಸರ ಬೇಡ. ಲಿಗ್ನಿನ್ ಇರುವ ಗೋಡೆಗಳು, ಅಂದರೆ ಕ್ಸೈಲಂ ನಾಳಗಳು ಮತ್ತು ಸ್ಕ್ಲೆರೆಂಕೈಮಾ, ಕೆಂಪನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತವೆ. ಉಳಿದ ಕಡೆಯ ಬಣ್ಣ ತೊಳೆದುಹೋಗಬೇಕು. ಎಲ್ಲವೂ ಒಂದೇ ಕೆಂಪಾಗಿ ಕಂಡರೆ ಇನ್ನೂ ತೊಳೆಯಬೇಕು ಎಂದರ್ಥ.

ಸ್ಲೈಡ್ ಸರಿ ಇಲ್ಲ ಎಂಬುದಕ್ಕೆ ಗುರುತುಗಳಿವೆ. ಒಂದು ಜೀವಕೋಶದ ಗೋಡೆಯ ಕೆಳಗೆ ಇನ್ನೊಂದರ ಗೋಡೆ ನೆರಳಿನಂತೆ ಕಂಡರೆ ಸೆಕ್ಷನ್ ದಪ್ಪವಾಗಿದೆ. ಒಂದು ಬದಿಯ ಕೋಶಗಳು ಗುಂಡಗೆ, ಎದುರು ಬದಿಯವು ಉದ್ದಕ್ಕೆ ಎಳೆದಂತೆ ಕಂಡರೆ ಬ್ಲೇಡ್ ಓರೆಯಾಗಿ ಹೋಗಿದೆ. ಇಂಥ ಸ್ಲೈಡ್ ನೋಡಿ ಬರೆಯಲು ಕೂತರೆ ಅರ್ಧದಲ್ಲೇ ಗೊಂದಲವಾಗಿ ಗೈಡ್ ತೆರೆಯುತ್ತೀರಿ. ಅದಕ್ಕೇ ಇನ್ನೊಂದು ಸೆಕ್ಷನ್ ಕತ್ತರಿಸಿ.

## 2. ಪುಟ ಮತ್ತು ಪೆನ್ಸಿಲ್

ಇದು ಚಿಕ್ಕ ವಿಷಯ. ಚಿತ್ರ ಎಡಗಡೆಯ ಬಿಳಿ ಪುಟದಲ್ಲಿ, ವಿವರಣೆ ಬಲಗಡೆಯ ಗೆರೆ ಪುಟದಲ್ಲಿ. ಎರಡು ಪೆನ್ಸಿಲ್ ಇಟ್ಟುಕೊಳ್ಳಿ: ತೆಳು ಗುರುತುಗಳಿಗೆ 2H, ಕೊನೆಯ ಗೆರೆಗೆ HB. ಎರಡೂ ಚೂಪಾಗಿರಲಿ. ಪೆನ್ ಬೇಡ, ಸ್ಕೆಚ್ ಪೆನ್ ಬೇಡ, ಬಣ್ಣದ ಪೆನ್ಸಿಲ್ ಬೇಡ. ಬೆರಳಿನಿಂದ ಉಜ್ಜಿ ನೆರಳು ಕೊಡುವುದೂ ಬೇಡ. ನೆರಳು ಕೊಟ್ಟ ಜಾಗದಲ್ಲಿ ಜೀವಕೋಶದ ಗೋಡೆ ಎಲ್ಲಿ ಮುಗಿಯಿತು ಎಂದು ನೋಡುವವರಿಗೆ ಗೊತ್ತಾಗುವುದಿಲ್ಲ.

ಗೆರೆ ಒಂದೇ ಇರಬೇಕು, ಮುರಿಯದೆ ಸೇರಬೇಕು. ಚಿತ್ರಕಲೆಯವರಂತೆ ಸಣ್ಣ ಸಣ್ಣ ಗೆರೆ ಕೂಡಿಸಿ ಕೂದಲಿನಂತೆ ಎಳೆಯುವ ಅಭ್ಯಾಸ ಕೆಲವರಿಗಿದೆ. ಇಲ್ಲಿ ಅದಕ್ಕೆ ಅಂಕ ಹೋಗುತ್ತದೆ, ಏಕೆಂದರೆ ಎರಡು ಗೆರೆ ಕಂಡರೆ ನಾನು ಎರಡು ಗೋಡೆ ಎಂದು ಓದುತ್ತೇನೆ.

## 3. ಅಳತೆ ಮಾಡಿ, ಆಮೇಲೆ ಎಳೆಯಿರಿ

ಪ್ರಮಾಣಕ್ಕೆ 3 ಅಂಕ ಇದೆ. ಹೆಚ್ಚು ಅಂಕ ಹೋಗುವುದೂ ಇಲ್ಲೇ. ಬಹಳ ಜನರ ಚಿತ್ರದಲ್ಲಿ ನಡುವಿನ ಪಿತ್ ಒಂದು ರೂಪಾಯಿ ನಾಣ್ಯದಷ್ಟು, ಹೊರಗಿನ ಕಾರ್ಟೆಕ್ಸ್ ಅದಕ್ಕಿಂತ ಅಗಲ. ಸೂರ್ಯಕಾಂತಿಯಲ್ಲಿ ಇದು ತಲೆಕೆಳಗು. ಎಳೆಯ ಕಾಂಡದಲ್ಲಿ ಪಿತ್ ದೊಡ್ಡದು, ಕಾರ್ಟೆಕ್ಸ್ ಕಿರಿದು. ಅಗಲವಾದ ಕಾರ್ಟೆಕ್ಸ್ ಇರುವುದು ಬೇರಿನಲ್ಲಿ. ಹಾಗಾಗಿ ಪ್ರಮಾಣ ತಪ್ಪಿದ ಕಾಂಡದ ಚಿತ್ರ ದೂರದಿಂದ ನೋಡಿದರೆ ಬೇರಿನ ಚಿತ್ರದಂತೆ ಕಾಣುತ್ತದೆ.

ಪ್ರಮಾಣ ತೆಗೆಯಲು ವಿಶೇಷ ಉಪಕರಣ ಬೇಡ. ಮೊದಲು ಕಾಂಡದ ಕತ್ತರಿಸಿದ ತುದಿಯನ್ನು ಸ್ಕೇಲ್ ಮೇಲಿಟ್ಟು ವ್ಯಾಸ ನೋಡಿ. 5 ಮಿಲಿಮೀಟರ್ ಇದೆ ಎಂದುಕೊಳ್ಳಿ. ಆಮೇಲೆ ಅತಿ ಕಡಿಮೆ ಪವರ್‌ನಲ್ಲಿ ಸ್ಲೈಡನ್ನು ಹೊರ ಅಂಚಿನಿಂದ ನಡುವಿನವರೆಗೆ ನಿಧಾನವಾಗಿ ಸರಿಸುತ್ತಾ ನೋಡಿ. ಆ ಅರ್ಧ ವ್ಯಾಸವನ್ನು ಮನಸ್ಸಿನಲ್ಲಿ 10 ಪಾಲು ಮಾಡಿ. ಎಪಿಡರ್ಮಿಸ್‌ನಿಂದ ಬಂಡಲ್‌ನ ಹೊರ ತುದಿಯವರೆಗೆ ಎಷ್ಟು ಪಾಲು? ಬಂಡಲ್ ಎಷ್ಟು ಪಾಲು? ಪಿತ್ ಎಷ್ಟು? ಬಂಡಲ್ ಎಂದಾಗ ಅದರ ತಲೆಯ ಮೇಲಿನ ಸ್ಕ್ಲೆರೆಂಕೈಮಾ ಟೋಪಿಯನ್ನೂ ಸೇರಿಸಿ ಲೆಕ್ಕ ಹಾಕಿ.

ಒಂದು ಸ್ಲೈಡಿನ ಲೆಕ್ಕ ಹೇಳುತ್ತೇನೆ. ಹೊರಭಾಗ 2 ಪಾಲು, ಬಂಡಲ್ 3 ಪಾಲು, ಪಿತ್ 5 ಪಾಲು ಬಂತು. ಚಿತ್ರದ ವ್ಯಾಸ 10 ಸೆಂಟಿಮೀಟರ್ ಇಟ್ಟುಕೊಂಡರೆ ಅರ್ಧ ವ್ಯಾಸ 5 ಸೆಂಟಿಮೀಟರ್. ಆಗ ಹೊರಭಾಗ 1 ಸೆಂಟಿಮೀಟರ್, ಬಂಡಲ್ 1.5 ಸೆಂಟಿಮೀಟರ್, ಪಿತ್ 2.5 ಸೆಂಟಿಮೀಟರ್. ಈ ಅಳತೆಗಳನ್ನು 2H ಪೆನ್ಸಿಲ್‌ನಲ್ಲಿ ಚುಕ್ಕಿ ಚುಕ್ಕಿಯಾಗಿ ಗುರುತು ಮಾಡಿಕೊಳ್ಳಿ. ನಿಮ್ಮ ಸ್ಲೈಡಿನಲ್ಲಿ ಸಂಖ್ಯೆಗಳು ಬೇರೆ ಬರಬಹುದು. ನಿಮಗೆ ಬಂದದ್ದನ್ನೇ ಬಳಸಿ. ಇದೇ 2, 3, 5 ಎಲ್ಲರ ರೆಕಾರ್ಡಿನಲ್ಲೂ ಕಂಡರೆ ಯಾರೂ ಅಳತೆ ಮಾಡಿಲ್ಲ ಎಂದು ನನಗೆ ತಿಳಿಯುತ್ತದೆ.

## 4. ಔಟ್‌ಲೈನ್ ಚಿತ್ರ: ಗಡಿಗಳು ಮಾತ್ರ

ಔಟ್‌ಲೈನ್ ಎಂದರೆ ಯಾವ ಅಂಗಾಂಶ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂದು ತೋರಿಸುವ ಚಿತ್ರ. ಇದರಲ್ಲಿ ಒಂದೇ ಒಂದು ಜೀವಕೋಶವನ್ನೂ ಬರೆಯಬಾರದು. ಎಪಿಡರ್ಮಿಸ್‌ನ ಸುತ್ತ ಇಟ್ಟಿಗೆ ಜೋಡಿಸಿದಂತೆ ಚೌಕಗಳನ್ನು ಬರೆದವರು ತುಂಬಾ ಜನ ಇದ್ದೀರಿ. ಅಷ್ಟೊಂದು ಶ್ರಮ ಅಲ್ಲಿ ಬೇಡವೇ ಬೇಡ, ಅಂಕವೂ ಸಿಗುವುದಿಲ್ಲ.

ಹೊರಗಿನ ಗೆರೆಯನ್ನು ಕೈಯಿಂದಲೇ ಎಳೆಯಿರಿ. ಕಂಪಾಸ್ ಅಥವಾ ಬಳೆ ಇಟ್ಟು ಎಳೆದ ವೃತ್ತ ನೋಡಿದ ತಕ್ಷಣ ಗೊತ್ತಾಗುತ್ತದೆ, ಯಾವ ಕಾಂಡವೂ ಅಷ್ಟು ಗುಂಡಗಿರುವುದಿಲ್ಲ. ಸೂರ್ಯಕಾಂತಿಯ ಅಂಚು ಸ್ವಲ್ಪ ಏರಿಳಿತ ಇರುವಂಥದ್ದು, ಮೇಲೆ ಅಲ್ಲಲ್ಲಿ ರೋಮಗಳಿರುತ್ತವೆ. ನಿಮ್ಮ ಚುಕ್ಕಿಗಳನ್ನು ಹಿಡಿದು, ಸ್ಲೈಡಿನಲ್ಲಿ ಎಲ್ಲಿ ಉಬ್ಬಿದೆಯೋ ಅಲ್ಲಿ ಉಬ್ಬಿಸಿ.

ಒಳಗೆ ಒಂದು ಗೆರೆ ಹೈಪೋಡರ್ಮಿಸ್‌ಗೆ. ಆಮೇಲೆ ಬಂಡಲ್‌ಗಳು. ಬಂಡಲ್‌ಗಳನ್ನು ಎಣಿಸಿ, ಇದನ್ನು ತಪ್ಪಿಸಬೇಡಿ. 8 ಸಮ ಗಾತ್ರದ ಬಂಡಲ್‌ಗಳು, ಗಡಿಯಾರದ ಅಂಕಿಗಳಂತೆ ಸಮ ದೂರದಲ್ಲಿ ಇರುವ ಚಿತ್ರ ಗೈಡಿನದ್ದು. ಸೂರ್ಯಕಾಂತಿಯಲ್ಲಿ ದೊಡ್ಡ ಬಂಡಲ್‌ಗಳ ನಡುವೆ ಚಿಕ್ಕವೂ ಇರುತ್ತವೆ, ನಡುವಿನ ಮೆಡುಲರಿ ಕಿರಣಗಳ ಅಗಲವೂ ಒಂದೊಂದು ಕಡೆ ಒಂದೊಂದು ಥರ. ನಿಮ್ಮ ಸ್ಲೈಡಿನಲ್ಲಿ 22 ಇದ್ದರೆ 22 ಬರೆಯಿರಿ.

ಒಂದೊಂದು ಬಂಡಲ್‌ನಲ್ಲೂ ನಾಲ್ಕು ಭಾಗ ಗುರುತಿಸಿ. ಹೊರಗಿನಿಂದ ಒಳಕ್ಕೆ: ಸ್ಕ್ಲೆರೆಂಕೈಮಾ ಟೋಪಿ, ಫ್ಲೋಯಂ, ಕ್ಯಾಂಬಿಯಂ, ಕ್ಸೈಲಂ. ಕ್ಯಾಂಬಿಯಂ ತೀರಾ ಕಿರಿದು, ಎರಡು ಗೆರೆಗಳ ನಡುವಿನ ಸಣ್ಣ ಪಟ್ಟಿ ಅಷ್ಟೇ. ಆ ಪಟ್ಟಿ ಇಲ್ಲದಿದ್ದರೆ ನೀವು ಮುಚ್ಚಿದ ಬಂಡಲ್ ಬರೆದಂತೆ. ಮುಚ್ಚಿದ ಬಂಡಲ್ ಇರುವುದು ಮುಸುಕಿನ ಜೋಳದ ಕಾಂಡದಲ್ಲಿ, ಸೂರ್ಯಕಾಂತಿಯಲ್ಲಿ ಅಲ್ಲ. ಒಂದು ಗೆರೆ ಬಿಟ್ಟರೆ ಉತ್ತರವೇ ಬದಲಾಗಿಬಿಡುತ್ತದೆ.

## 5. ಕೋಶಗಳ ಚಿತ್ರ: ಒಂದು ಬಂಡಲ್, ಪೂರ್ತಿಯಾಗಿ

ಇಲ್ಲಿ ಒಂದು ಬಂಡಲ್ ಮತ್ತು ಅದರ ನೇರಕ್ಕೆ ಎಪಿಡರ್ಮಿಸ್‌ನಿಂದ ಪಿತ್‌ವರೆಗಿನ ತುಂಡನ್ನು ಮಾತ್ರ ದೊಡ್ಡದಾಗಿ ಬರೆಯಬೇಕು. ಮೊದಲು ಅಳತೆ. ಔಟ್‌ಲೈನ್‌ನಲ್ಲಿ 5 ಮಿಲಿಮೀಟರ್ ಕಾಂಡ 100 ಮಿಲಿಮೀಟರ್ ಆಗಿದೆ, ಅಂದರೆ 20 ಪಟ್ಟು. ಬಂಡಲ್ ಅಲ್ಲಿ 15 ಮಿಲಿಮೀಟರ್. ಹಾಗಾದರೆ ನಿಜವಾದ ಉದ್ದ 15 ÷ 20, ಅಂದರೆ 0.75 ಮಿಲಿಮೀಟರ್. ಕೋಶಗಳ ಚಿತ್ರವನ್ನು 100 ಪಟ್ಟು ಮಾಡೋಣ. ಬಂಡಲ್ 7.5 ಸೆಂಟಿಮೀಟರ್ ಆಗುತ್ತದೆ. ಹೊರಭಾಗ 0.5 ಮಿಲಿಮೀಟರ್ ಇದ್ದದ್ದು 5 ಸೆಂಟಿಮೀಟರ್. ಕೆಳಗೆ ಪಿತ್‌ನ ಒಂದಿಷ್ಟು ಕೋಶಗಳಿಗೆ 2 ಸೆಂಟಿಮೀಟರ್ ಬಿಡಿ. ಒಟ್ಟು 14.5 ಸೆಂಟಿಮೀಟರ್, ಪುಟದಲ್ಲಿ ಆರಾಮಾಗಿ ಹಿಡಿಯುತ್ತದೆ.

ಈಗ ಕ್ರಮ. ನೀವೆಲ್ಲ ಎಪಿಡರ್ಮಿಸ್‌ನಿಂದ ಶುರು ಮಾಡಿ ಕೆಳಗೆ ಬರುತ್ತೀರಿ. ಮೇಲಿನ ಪದರಗಳನ್ನು ದೊಡ್ಡದಾಗಿ ಬರೆದು, ಬಂಡಲ್ ಬರುವ ಹೊತ್ತಿಗೆ ಜಾಗ ಮುಗಿದಿರುತ್ತದೆ. ಕೊನೆಗೆ ಕ್ಸೈಲಂ ಅನ್ನು ಎರಡು ಸೆಂಟಿಮೀಟರಿನಲ್ಲಿ ತುರುಕುತ್ತೀರಿ. ಅದಕ್ಕೆ ನನ್ನ ಸಲಹೆ ಹೀಗಿದೆ. ಮೊದಲು ಎಲ್ಲ ಪದರಗಳ ಗಡಿಯನ್ನು 2H ಪೆನ್ಸಿಲ್‌ನಲ್ಲಿ ತೆಳುವಾಗಿ ಎಳೆಯಿರಿ. ಆಮೇಲೆ ಕ್ಸೈಲಂ ನಾಳಗಳನ್ನು ಬರೆಯಿರಿ. ನಂತರ ಕ್ಯಾಂಬಿಯಂ, ಫ್ಲೋಯಂ, ಟೋಪಿ. ಕೊನೆಗೆ ಹೊರಗಿನ ಪದರಗಳು, ಪಿತ್, ಬದಿಯ ಕಿರಣಗಳು. ನಾಳಗಳು ಎಲ್ಲಕ್ಕಿಂತ ಸ್ಪಷ್ಟವಾಗಿ ಕೆಂಪಾಗಿ ಕಾಣುತ್ತವೆ. ಅವು ಸರಿಯಾಗಿ ಕೂತರೆ ಉಳಿದದ್ದು ಅವುಗಳ ಸುತ್ತ ಕೂರುತ್ತದೆ.

ಕ್ಸೈಲಂ ದಿಕ್ಕು. ಇದೊಂದರ ಮೇಲೆ ಸ್ವಲ್ಪ ಹೊತ್ತು ನಿಲ್ಲಿ. ಕಾಂಡದಲ್ಲಿ ಮೊದಲು ಹುಟ್ಟಿದ ನಾಳಗಳು, ಅಂದರೆ ಪ್ರೋಟೋಕ್ಸೈಲಂ, ಪಿತ್ ಕಡೆಗೆ ಇರುತ್ತವೆ. ಆಮೇಲೆ ಹುಟ್ಟಿದ ಮೆಟಾಕ್ಸೈಲಂ ಹೊರಗಡೆ, ಕ್ಯಾಂಬಿಯಂ ಕಡೆಗೆ. ಇದಕ್ಕೇ ಎಂಡಾರ್ಕ್ ಎನ್ನುವುದು. ಸ್ಲೈಡಿನಲ್ಲಿ ಪರೀಕ್ಷಿಸುವುದು ಸುಲಭ: ಪಿತ್‌ನಿಂದ ಶುರು ಮಾಡಿ ಒಂದು ಸಾಲಿನ ನಾಳಗಳನ್ನು ಹೊರಕ್ಕೆ ನೋಡುತ್ತಾ ಹೋಗಿ. ಬಾಯಿ ಕಿರಿದಾದವು ಮೊದಲು ಸಿಗುತ್ತವೆ, ಹೋಗುತ್ತಾ ಅಗಲವಾಗುತ್ತವೆ. ನಿಮ್ಮ ಚಿತ್ರದಲ್ಲೂ ಹಾಗೇ ಆಗಬೇಕು. ಪಿತ್ ಕಡೆ ದೊಡ್ಡ ನಾಳ ಬರೆದರೆ ಅದು ಎಕ್ಸಾರ್ಕ್ ಆಗುತ್ತದೆ, ಬೇರಿನ ಲಕ್ಷಣ. ಬಲ ಪುಟದಲ್ಲಿ "ಎಂಡಾರ್ಕ್" ಎಂದು ಬರೆದು ಎಡ ಪುಟದಲ್ಲಿ ಎಕ್ಸಾರ್ಕ್ ಚಿತ್ರ ಬರೆದವರನ್ನು ಪ್ರತಿ ವರ್ಷ ನೋಡುತ್ತೇನೆ. ಇಲ್ಲಿ ಒಂದು ಪೂರ್ತಿ ಅಂಕ ಹೋಗುತ್ತದೆ, ಕನಿಕರ ತೋರಿಸಲು ಆಗುವುದಿಲ್ಲ. ಕಾಂಡ ಯಾವುದು, ಬೇರು ಯಾವುದು ಎಂದು ಗುರುತಿಸುವ ಮುಖ್ಯ ಆಧಾರವೇ ಇದು.

ಗೋಡೆಗಳು. ಅಂಗಾಂಶವನ್ನು ಗುರುತಿಸುವುದು ಗೋಡೆಯಿಂದ. ಹಾಗಾಗಿ ಕೋಶಗಳನ್ನು ಬೇರೆ ಬೇರೆ ಬಲೂನುಗಳಂತೆ ಬಿಡಿಸಿ, ಅವುಗಳ ನಡುವೆ ಖಾಲಿ ಜಾಗ ಬಿಡಬೇಡಿ. ಒಂದಕ್ಕೊಂದು ಅಂಟಿಕೊಂಡ ಕೋಶಗಳಿಗೆ ನಡುವೆ ಎರಡು ಹತ್ತಿರದ ಗೆರೆ ಹಾಕಿ ಗೋಡೆಯ ದಪ್ಪ ತೋರಿಸಿ. ಹೈಪೋಡರ್ಮಿಸ್ ಕೊಲೆಂಕೈಮಾದ್ದು, ಅಲ್ಲಿ ಗೋಡೆ ದಪ್ಪವಾಗಿರುವುದು ಮೂಲೆಗಳಲ್ಲಿ ಮಾತ್ರ. ಸುತ್ತಲೂ ಒಂದೇ ಸಮ ದಪ್ಪ ಬರೆದರೆ ಅದು ಸ್ಕ್ಲೆರೆಂಕೈಮಾ ಆಗಿಬಿಡುತ್ತದೆ. ಸ್ಕ್ಲೆರೆಂಕೈಮಾ ಹೈಪೋಡರ್ಮಿಸ್ ಮತ್ತೆ ಮುಸುಕಿನ ಜೋಳದ ಕಾಂಡದ ಲಕ್ಷಣ. ಕಾರ್ಟೆಕ್ಸ್ ಮತ್ತು ಪಿತ್‌ನ ಪ್ಯಾರೆಂಕೈಮಾ ಗೋಡೆ ತೆಳು, ಕೋಶಗಳು ಗುಂಡಗೆ, ಮೂರು ಕೋಶ ಸೇರುವ ಕಡೆ ಚಿಕ್ಕ ತ್ರಿಕೋನದ ಖಾಲಿ ಜಾಗ ಇರುತ್ತದೆ. ಎಪಿಡರ್ಮಿಸ್‌ನಲ್ಲಿ ಅಂಥ ಜಾಗ ಇರುವುದೇ ಇಲ್ಲ. ಅದರ ಹೊರಗೆ ಕ್ಯೂಟಿಕಲ್‌ಗೆ ಒಂದು ಗೆರೆ ಸೇರಿಸಿ.

ಎಂಡೋಡರ್ಮಿಸ್. ಕಾಣಿಸುತ್ತಿಲ್ಲ ಎಂದು ಬಿಟ್ಟವರು ಹಲವರು. ಸ್ಯಾಫ್ರನಿನ್ ಸ್ಲೈಡಿನಲ್ಲಿ ಅದು ನಿಜಕ್ಕೂ ಸ್ಪಷ್ಟವಾಗಿ ಕಾಣುವುದಿಲ್ಲ. ಇನ್ನೊಂದು ಬಣ್ಣ ಹಾಕದ ಸೆಕ್ಷನ್ ತೆಗೆದುಕೊಂಡು ಒಂದು ಹನಿ ಅಯೋಡಿನ್ ಹಾಕಿ. ಬಂಡಲ್‌ಗಳ ಹೊರಗೆ ಅಲೆಯಂತೆ ಸಾಗುವ ಒಂದು ಸಾಲಿನ ಕೋಶಗಳಲ್ಲಿ ಪಿಷ್ಟದ ಕಣಗಳು ಕಪ್ಪು ನೀಲಿಯಾಗುತ್ತವೆ. ಅದೇ ಎಂಡೋಡರ್ಮಿಸ್, ಇದನ್ನು ಸ್ಟಾರ್ಚ್ ಶೀತ್ ಎನ್ನುವುದು ಇದಕ್ಕೇ. ಈ ಸಾಲನ್ನು ಟೋಪಿಯ ಹೊರಗೇ ಬರೆಯಬೇಕು. ಟೋಪಿ ಮತ್ತು ಫ್ಲೋಯಂ ನಡುವೆ ಬರೆದರೆ ತಪ್ಪು.

ಗಾಳಿಗುಳ್ಳೆ. ಸೂರ್ಯಕಾಂತಿ ಕಾರ್ಟೆಕ್ಸ್‌ನಲ್ಲಿ ಸ್ರಾವದ ನಾಳಗಳು ಇರುತ್ತವೆ. ಈ ಸಲ ಆ ಹೆಸರಿನಲ್ಲಿ ಗಾಳಿಗುಳ್ಳೆಯನ್ನು ಬರೆದವರಿದ್ದಾರೆ. ವ್ಯತ್ಯಾಸ ಹೀಗೆ. ಗಾಳಿಗುಳ್ಳೆಯ ಅಂಚು ದಪ್ಪ ಕಪ್ಪು ಉಂಗುರ, ಒಳಗೆ ಹೊಳಪು. ಸೂಜಿಯಿಂದ ಕವರ್ ಸ್ಲಿಪ್ ಮೆಲ್ಲಗೆ ಒತ್ತಿದರೆ ಅದು ಜರುಗುತ್ತದೆ ಅಥವಾ ಆಕಾರ ಬದಲಿಸುತ್ತದೆ. ಸ್ರಾವದ ನಾಳ ಜರುಗುವುದಿಲ್ಲ, ಅದರ ಸುತ್ತ ಒತ್ತಾಗಿ ಚಿಕ್ಕ ಕೋಶಗಳ ಒಂದು ಸುತ್ತು ಇರುತ್ತದೆ. ಆ ಸುತ್ತು ನಿಮಗೆ ಕಾಣದಿದ್ದರೆ ನಾಳವನ್ನು ಬರೆಯಲೇಬೇಡಿ. ನಿಮ್ಮ ತುಂಡಿನಲ್ಲಿ ಅದು ಬಾರದೇ ಇರಬಹುದು, ಅದಕ್ಕೆ ನಾನು ಅಂಕ ಕಳೆಯುವುದಿಲ್ಲ.

## 6. ಲೇಬಲ್

ಲೇಬಲ್ ಗೆರೆಗಳನ್ನು ಸ್ಕೇಲ್ ಇಟ್ಟು ಎಳೆಯಿರಿ. ಎಲ್ಲವೂ ಒಂದೇ ಬದಿಗೆ, ಒಂದಕ್ಕೊಂದು ಸಮಾನಾಂತರ, ಬಲಗಡೆ ಒಂದೇ ನೇರದಲ್ಲಿ ಮುಗಿಯಲಿ. ಬಾಣದ ತಲೆ ಬೇಡ. ಗೆರೆಗಳು ಒಂದನ್ನೊಂದು ದಾಟಬಾರದು. ಹೆಸರನ್ನು ಪೆನ್ಸಿಲ್‌ನಲ್ಲೇ, ಅಡ್ಡಲಾಗಿ ಬರೆಯಿರಿ.

ನಾನು ಲೇಬಲ್ ಓದುವಾಗ ಮೊದಲು ಹೆಸರನ್ನು ನೋಡುವುದಿಲ್ಲ. ಗೆರೆಯ ಒಳತುದಿ ಎಲ್ಲಿ ನಿಂತಿದೆ ಎಂದು ನೋಡುತ್ತೇನೆ, ಆಮೇಲೆ ಹೆಸರು. "ಕ್ಯಾಂಬಿಯಂ" ಎಂಬ ಗೆರೆ ಫ್ಲೋಯಂ ಒಳಗೆ ನಿಂತಿದ್ದರೆ, ಹೆಸರಿನ ಕಾಗುಣಿತ ಎಷ್ಟೇ ಸರಿ ಇದ್ದರೂ ಅಂಕ ಇಲ್ಲ. ಗೆರೆಯ ತುದಿ ಆ ಭಾಗವನ್ನು ಮುಟ್ಟಬೇಕು. ಪದರದ ಹೆಸರಾದರೆ ಪದರದ ಒಳಗೆ, ಗೋಡೆಯ ಹೆಸರಾದರೆ ಗೋಡೆಯ ಮೇಲೆ ನಿಲ್ಲಬೇಕು.

ಚಿತ್ರದಲ್ಲಿ ಬರೆಯದ ಭಾಗಕ್ಕೆ ಲೇಬಲ್ ಹಾಕಬೇಡಿ. "ಕಂಪ್ಯಾನಿಯನ್ ಸೆಲ್" ಎಂದು ಬರೆದು, ಫ್ಲೋಯಂನಲ್ಲಿ ಸುಮ್ನೆ ಒಂದೇ ಥರದ ಗುಂಡು ಕೋಶಗಳಿದ್ದರೆ ಲೇಬಲ್ ಸುಳ್ಳಾಗುತ್ತದೆ. ಸೀವ್ ಟ್ಯೂಬ್ ದೊಡ್ಡದು, ಅದರ ಪಕ್ಕಕ್ಕೆ ಅಂಟಿಕೊಂಡ ಚಿಕ್ಕ ಕೋಶ ಕಂಪ್ಯಾನಿಯನ್ ಸೆಲ್. ಈ ವ್ಯತ್ಯಾಸ ಹೈ ಪವರ್‌ನಲ್ಲಿ ನೋಡಿ ಬರೆದಿದ್ದರೆ ಮಾತ್ರ ಹೆಸರಿಸಿ. ಇಲ್ಲದಿದ್ದರೆ "ಫ್ಲೋಯಂ" ಎಂದಷ್ಟೇ ಹಾಕಿ, ಅದಕ್ಕೂ ಅಂಕ ಇದೆ.

## 7. ಶೀರ್ಷಿಕೆ ಮತ್ತು ವರ್ಧನೆ

ಶೀರ್ಷಿಕೆ ಚಿತ್ರದ ಕೆಳಗೆ ಇರಲಿ. ಅದರಲ್ಲಿ ಮೂರು ವಿಷಯ ಬೇಕು: ಯಾವ ಗಿಡ, ಯಾವ ಭಾಗ, ಯಾವ ಥರದ ಸೆಕ್ಷನ್. "ಸೂರ್ಯಕಾಂತಿ ಎಳೆಯ ಕಾಂಡದ ಟಿ.ಎಸ್., ಔಟ್‌ಲೈನ್" ಎಂದರೆ ಸಾಕು. ಬರೀ "ದ್ವಿದಳ ಕಾಂಡ" ಎಂದರೆ ಯಾವ ಗಿಡ ನೋಡಿದಿರಿ ಎಂದು ಗೊತ್ತಾಗುವುದಿಲ್ಲ.

ವರ್ಧನೆಯಲ್ಲಿ ಒಂದು ಗೊಂದಲ ಎಲ್ಲರಲ್ಲೂ ಇದೆ. ಐಪೀಸ್ 10×, ಆಬ್ಜೆಕ್ಟಿವ್ 10× ಇದ್ದರೆ ನೀವು 100× ನಲ್ಲಿ ನೋಡಿದಿರಿ. ಅದು ಮೈಕ್ರೋಸ್ಕೋಪಿನ ವರ್ಧನೆ, ಚಿತ್ರದ್ದಲ್ಲ. ಚಿತ್ರದ ವರ್ಧನೆ ಎಂದರೆ ಪುಟದ ಮೇಲಿನ ಅಳತೆಯನ್ನು ನಿಜವಾದ ಅಳತೆಯಿಂದ ಭಾಗಿಸಿದ್ದು. ನಮ್ಮ ಔಟ್‌ಲೈನ್‌ನಲ್ಲಿ 100 ÷ 5 = 20. ಆದ್ದರಿಂದ ಅದರ ಕೆಳಗೆ "ಚಿತ್ರ ×20" ಎಂದು ಬರೆಯಬೇಕು. ನೀವು 40× ನಲ್ಲಿ ನೋಡಿರಬಹುದು, 100× ನಲ್ಲೂ ನೋಡಿರಬಹುದು, ಚಿತ್ರ ×20 ಆಗಿಯೇ ಉಳಿಯುತ್ತದೆ. ಎರಡನ್ನೂ ಬೇರೆ ಬೇರೆ ಬರೆಯಿರಿ: "ನೋಡಿದ್ದು 40×, ಚಿತ್ರ ×20". ಎರಡೂ ಅಳತೆಗಳು ಒಂದೇ ಘಟಕದಲ್ಲಿ ಇರಬೇಕು. 10 ಸೆಂಟಿಮೀಟರನ್ನು 5 ಮಿಲಿಮೀಟರಿನಿಂದ ಭಾಗಿಸಿ ×2 ಎಂದು ಬರೆದ ರೆಕಾರ್ಡ್‌ಗಳೂ ಇವೆ.

## 8. ಒಂದು ಚಿತ್ರಕ್ಕೆ 5 ಬಂದದ್ದು ಹೇಗೆ

ನಿಮ್ಮಲ್ಲೊಬ್ಬರ ಒಪ್ಪಿಗೆ ಪಡೆದು, ಹೆಸರು ಹೇಳದೆ, ಅವರ ಚಿತ್ರವನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ. ಗೆರೆ ತುಂಬಾ ಸ್ವಚ್ಛವಾಗಿದೆ. ಗೆರೆಗೆ 1ಕ್ಕೆ 1.

ಪ್ರಮಾಣಕ್ಕೆ 3ರಲ್ಲಿ 1. ಔಟ್‌ಲೈನ್‌ನ ವ್ಯಾಸ 9 ಸೆಂಟಿಮೀಟರ್, ಪಿತ್‌ನ ವ್ಯಾಸ ಬರೀ 2 ಸೆಂಟಿಮೀಟರ್. ಬಂಡಲ್ 8, ಎಲ್ಲವೂ ಒಂದೇ ಗಾತ್ರ. ಅವರ ಸ್ಲೈಡ್ ಇನ್ನೂ ಟ್ರೇಯಲ್ಲಿತ್ತು. ಇಬ್ಬರೂ ಕೂತು ನೋಡಿದೆವು. ಅದರಲ್ಲಿ ಪಿತ್ ವ್ಯಾಸದ ಅರ್ಧದಷ್ಟಿತ್ತು, ಬಂಡಲ್‌ಗಳು ಎಂಟಕ್ಕಿಂತ ಎಷ್ಟೋ ಜಾಸ್ತಿ ಇದ್ದವು.

ಅಂಗಾಂಶಗಳಿಗೆ 3ರಲ್ಲಿ 1.5. ಕೊಲೆಂಕೈಮಾ ಸರಿ ಇತ್ತು, ಟೋಪಿ ಸರಿ ಇತ್ತು. ದೊಡ್ಡ ನಾಳಗಳು ಪಿತ್ ಕಡೆಗೆ ಇದ್ದವು, ಅದಕ್ಕೆ ಒಂದು ಅಂಕ ಹೋಯಿತು. ಸ್ರಾವದ ನಾಳ ಎಂದು ಬರೆದದ್ದಕ್ಕೆ ಸುತ್ತಲಿನ ಕೋಶಗಳೇ ಇರಲಿಲ್ಲ, ಅದು ಗುಳ್ಳೆ. ಅರ್ಧ ಅಂಕ ಹೋಯಿತು.

ಲೇಬಲ್‌ಗೆ 2ರಲ್ಲಿ 1. ಹೆಸರುಗಳೆಲ್ಲ ಸರಿ, ಆದರೆ ಎಂಡೋಡರ್ಮಿಸ್ ಗೆರೆ ಕಾರ್ಟೆಕ್ಸ್ ನಡುವೆ ನಿಂತಿತ್ತು, ಕ್ಯಾಂಬಿಯಂ ಗೆರೆ ಕ್ಸೈಲಂ ಒಳಗೆ. ಶೀರ್ಷಿಕೆಗೆ 1ರಲ್ಲಿ ಅರ್ಧ. ಗಿಡದ ಹೆಸರು ಇತ್ತು, ವರ್ಧನೆಯ ಜಾಗದಲ್ಲಿ "100×" ಎಂದಷ್ಟೇ ಇತ್ತು. ಒಟ್ಟು 5.

ಅವರು ಅದೇ ಸ್ಲೈಡ್ ಇಟ್ಟುಕೊಂಡು ಮತ್ತೆ ಬರೆದರು. ಮೊದಲು ಪಾಲು ಲೆಕ್ಕ, ಆಮೇಲೆ ನಾಳಗಳು, ಕೊನೆಗೆ ಉಳಿದದ್ದು. ಗುಳ್ಳೆಯನ್ನು ಬಿಟ್ಟರು. ಬಂಡಲ್‌ಗಳ ಅಗಲ ಒಂದೆರಡು ಕಡೆ ಜಾಸ್ತಿಯಾಗಿ ಪ್ರಮಾಣಕ್ಕೆ 2.5 ಬಂತು. ಒಂದು ಲೇಬಲ್ ಗೆರೆ ಗುರಿ ಮುಟ್ಟದೆ ಅಲ್ಲಿ 1.5. ಉಳಿದದ್ದೆಲ್ಲ ಪೂರ್ತಿ. ಒಟ್ಟು 9. ಎರಡನೆಯ ಚಿತ್ರದ ಗೆರೆ ಮೊದಲನೆಯದಕ್ಕಿಂತ ಒಂದಿಷ್ಟು ಒರಟಾಗಿದೆ, ಆದರೂ ಮುರಿಯದೆ ಸೇರಿದೆ. ಗೆರೆಗೆ ಆಗಲೂ 1ಕ್ಕೆ 1 ಕೊಟ್ಟೆ.

## 9. ತಿದ್ದಿ ಕೊಡುವವರಿಗೆ

ಹಳೆಯ ಚಿತ್ರವನ್ನು ಹರಿಯಬೇಡಿ, ಅದರ ಮೇಲೆ ಬಿಳಿ ಹಾಳೆ ಅಂಟಿಸಬೇಡಿ. ಪುಟದ ಸಂಖ್ಯೆ ತಪ್ಪಿದರೆ ಪರೀಕ್ಷೆಯ ದಿನ ಪ್ರಶ್ನೆ ಬರುತ್ತದೆ. ಹಳೆಯದರ ಮೇಲೆ ಪೆನ್ಸಿಲ್‌ನಲ್ಲಿ ಒಂದು ಅಡ್ಡಗೆರೆ ಹಾಕಿ, ಮುಂದಿನ ಖಾಲಿ ಬಿಳಿ ಪುಟದಲ್ಲಿ ಹೊಸದನ್ನು ಬರೆಯಿರಿ. ಸೂಚಿಯಲ್ಲಿ ಹೊಸ ಪುಟದ ಸಂಖ್ಯೆ ಸೇರಿಸಿ.

ಬೇರೆಯವರ ರೆಕಾರ್ಡ್ ನೋಡಿ ತಿದ್ದಬೇಡಿ. ಬರೆಯುವಾಗ ಸ್ಲೈಡ್ ಮೈಕ್ರೋಸ್ಕೋಪ್ ಕೆಳಗೆ ಇರಲೇಬೇಕು. ಗ್ಲಿಸರಿನ್‌ನಲ್ಲಿ ಇಟ್ಟ ಸ್ಲೈಡ್ ಆ ದಿನವಿಡೀ ಒಣಗುವುದಿಲ್ಲ, ಹಾಗಾಗಿ ಅವಸರ ಮಾಡುವ ಕಾರಣವಿಲ್ಲ. ಬಸ್ಸಿಗೆ ಹೊತ್ತಾಗುತ್ತದೆ ಎನ್ನುವವರು ಔಟ್‌ಲೈನ್ ಒಂದು ದಿನ, ಕೋಶಗಳ ಚಿತ್ರ ಇನ್ನೊಂದು ದಿನ ಬರೆಯಬಹುದು. ಎರಡನೆಯ ದಿನ ಹೊಸ ಸೆಕ್ಷನ್ ಕತ್ತರಿಸಿದರೆ ಅಳತೆಯನ್ನು ಮತ್ತೆ ತೆಗೆಯಿರಿ, ಹಿಂದಿನ ದಿನದ ಪಾಲುಗಳು ಹೊಸ ಕಾಂಡಕ್ಕೆ ಹೊಂದುವುದಿಲ್ಲ.

ತಿದ್ದಿದ ಚಿತ್ರ ಕೊಡುವಾಗ ಬಲ ಪುಟದ ಕೆಳಗೆ ನಾಲ್ಕು ಸಂಖ್ಯೆ ಬರೆದಿರಿ: ಕಾಂಡದ ವ್ಯಾಸ, ಚಿತ್ರದ ವ್ಯಾಸ, ಬಂಡಲ್‌ಗಳ ಸಂಖ್ಯೆ, ಚಿತ್ರದ ವರ್ಧನೆ. ಸ್ಲೈಡನ್ನೂ ಜೊತೆಗೆ ತನ್ನಿ. ನಾನು ಸ್ಲೈಡ್ ಮತ್ತು ಚಿತ್ರ ಎರಡನ್ನೂ ಪಕ್ಕದಲ್ಲಿಟ್ಟುಕೊಂಡು ಅಂಕ ಕೊಡುತ್ತೇನೆ. ಮುಸುಕಿನ ಜೋಳದ ಕಾಂಡವನ್ನು ಇದಾದ ಮೇಲೆ ತೆಗೆದುಕೊಳ್ಳೋಣ. ಮಂಡ್ಯ ಕಡೆಯವರು ಎಳೆಯ ಕಾಂಡ ಎರಡು ಮೂರು ಜಾಸ್ತಿಯೇ ತನ್ನಿ, ಅದರ ಹೊರಭಾಗ ಗಟ್ಟಿ, ಸೆಕ್ಷನ್ ಕತ್ತರಿಸುವಾಗ ಹಾಳಾಗುವುದು ಹೆಚ್ಚು.

ಇಂತಿ,
ನಿಮ್ಮ ಬಾಟನಿ ಲೆಕ್ಚರರ್,
ಮೈಸೂರು